ನಾವು ಬರೆದ ಟೈಟಲ್ ಬಿಟ್ಟು ಗೂಗಲ್ ಬೇರೇನೋ ತೋರಿಸುತ್ತಿದೆ, ಯಾಕೆ?

*ಪ್ರಶ್ನೆ: ಕುಂಬಳೆಯಲ್ಲಿ ನಮ್ಮದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ವೆಬ್‌ಸೈಟ್‌ಗೆ ಕನ್ನಡದಲ್ಲಿ ಟೈಟಲ್, ಡಿಸ್ಕ್ರಿಪ್ಶನ್ ಹಾಕಿದೆವು. ಗೂಗಲ್‌ನಲ್ಲಿ ನೋಡಿದರೆ ಟೈಟಲ್ ಇಂಗ್ಲಿಷ್‌ನಲ್ಲೇ ಇದೆ. ಅದರ ಕೆಳಗೆ ಮೆನುವಿನ ಪದಗಳು, ಫೋನ್ ನಂಬರ್ ಬರುತ್ತಿವೆ. ತಪ್ಪು ಎಲ್ಲಿ?*

ಮೊದಲು ನೀವು ಬರೆದದ್ದು ನಿಜವಾಗಿ ಪುಟದೊಳಗೆ ಇದೆಯಾ ನೋಡಿ. ಕಂಪ್ಯೂಟರ್‌ನಲ್ಲಿ ಪುಟ ತೆರೆದು `Ctrl+U` ಒತ್ತಿ, `<title>` ಮತ್ತು `name="description"` ಹುಡುಕಿ. ಎರಡೂ ಒಂದೊಂದು ಸಲ ಮಾತ್ರ ಇರಬೇಕು. ವರ್ಡ್‌ಪ್ರೆಸ್ ಸೈಟ್‌ಗಳಲ್ಲಿ ಥೀಮ್ ಒಂದು ಡಿಸ್ಕ್ರಿಪ್ಶನ್, ಪ್ಲಗಿನ್ ಇನ್ನೊಂದು ಹಾಕಿರುವುದುಂಟು. ಹಾಗಿದ್ದರೆ ಒಂದನ್ನು ತೆಗೆಯಿರಿ.

ಅಲ್ಲಿ ಎಲ್ಲ ಸರಿ ಇದ್ದರೆ ಭಾಷೆ ನೋಡಬೇಕು. ಪುಟದ ಬರಹವೆಲ್ಲ ಇಂಗ್ಲಿಷ್, ಟೈಟಲ್ ಮಾತ್ರ ಕನ್ನಡ ಆಗಿದ್ದರೆ ಗೂಗಲ್ ಆ ಟೈಟಲನ್ನು ಬಿಟ್ಟು ಪುಟದ ದೊಡ್ಡ ಹೆಡ್ಡಿಂಗ್ ಎತ್ತಿಕೊಳ್ಳಬಹುದು. ಪುಟದ ಲಿಪಿಗೂ ಟೈಟಲ್‌ನ ಲಿಪಿಗೂ ಹೊಂದಿಕೆ ಇರಬೇಕು ಅನ್ನುವುದು ಅದರ ಲೆಕ್ಕ. ಕಾಸರಗೋಡಿನ ಕಡೆಯ ಸೈಟ್‌ಗಳಿಗೆ ಇದು ಜಾಸ್ತಿ ತಾಗುವ ಸಮಸ್ಯೆ. ನಮ್ಮ ಗಿರಾಕಿಗಳು ಕನ್ನಡದವರೂ ಹೌದು, ಮಲಯಾಳದವರೂ ಹೌದು, ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲೂ ಹೌದು. ಅದಕ್ಕೆಂದು ಮೂರು ಭಾಷೆಯನ್ನೂ ಒಂದೇ ಟೈಟಲ್‌ಗೆ ತುರುಕಬೇಡಿ. ಕನ್ನಡಕ್ಕೆ ಒಂದು ಪುಟ, ಮಲಯಾಳಕ್ಕೆ ಒಂದು, ಇಂಗ್ಲಿಷ್‌ಗೆ ಒಂದು ಮಾಡಿ. ಕನ್ನಡ ಪುಟದಲ್ಲಿ ಹೆಡ್ಡಿಂಗೂ ಬರಹವೂ ಕನ್ನಡದಲ್ಲೇ ಇರಲಿ.

ಇನ್ನು ಮೆನುವಿನ ಪದಗಳು. ಡಿಸ್ಕ್ರಿಪ್ಶನ್ ನೀವು ಕೊಡುವ ಸಲಹೆ ಅಷ್ಟೇ. ಯಾರು ಏನು ಹುಡುಕಿದರು ಅನ್ನುವುದಕ್ಕೆ ಹೊಂದುವ ಸಾಲನ್ನು ಗೂಗಲ್ ಹೆಚ್ಚಾಗಿ ಪುಟದಿಂದಲೇ ಆರಿಸುತ್ತದೆ. ಕ್ಲಿನಿಕ್‌ಗಳ ಮುಖಪುಟದಲ್ಲಿ ಹೆಚ್ಚಾಗಿ ಇರುವುದು ದೊಡ್ಡ ಚಿತ್ರ. ಸಮಯ, ಚಿಕಿತ್ಸೆ ಎಲ್ಲ ಚಿತ್ರದೊಳಗೇ ಬರೆದಿರುತ್ತಾರೆ. ಆಗ ಓದಲು ಸಿಗುವ ಪಠ್ಯ ಅಂದರೆ ಮೆನು ಮತ್ತು ಫೋನ್ ನಂಬರ್ ಮಾತ್ರ! ಯಾವ ನೋವಿಗೆ ಏನು ಮಾಡುತ್ತೀರಿ, ಮನೆಗೆ ಬರುತ್ತೀರಾ, ಸ್ಕ್ಯಾನ್ ರಿಪೋರ್ಟ್ ತರಬೇಕಾ ಅನ್ನುವುದನ್ನು ನಾಲ್ಕಾರು ಸಾಲು ಅಕ್ಷರದಲ್ಲೇ ಬರೆಯಿರಿ. ಆಮೇಲೂ ಮೆನು ಬರುತ್ತಿದ್ದರೆ ಆ ಭಾಗದ `div`ಗೆ `data-nosnippet` ಸೇರಿಸಲು ಸೈಟ್ ಮಾಡಿದವರಿಗೆ ಹೇಳಿ. ಆ ಪಠ್ಯ ಫಲಿತಾಂಶದ ಕೆಳಗಿನ ಸಾಲಿನಲ್ಲಿ ಬರುವುದಿಲ್ಲ.

ಈಗ ನಿಮ್ಮ ಕನ್ನಡ ಪುಟಕ್ಕೆ ಹೀಗೆ ಬರೆಯಬಹುದು:

```html
<title>ಕುಂಬಳೆಯಲ್ಲಿ ಫಿಸಿಯೋಥೆರಪಿ | ಕ್ಲಿನಿಕ್ ಹೆಸರು</title>
<meta name="description" content="ಬೆನ್ನು, ಮಂಡಿ, ಹೆಗಲು ನೋವಿಗೆ, ಸ್ಟ್ರೋಕ್ ನಂತರದ ವ್ಯಾಯಾಮಕ್ಕೆ. ಕುಂಬಳೆ ಪೇಟೆಯಲ್ಲಿ, ಸೋಮವಾರದಿಂದ ಶನಿವಾರ 9ರಿಂದ 6. ತುಳು, ಮಲಯಾಳವೂ ಬರುತ್ತದೆ.">
```

ಊರು ಮೊದಲೇ ಬಂದಿದೆ, ಗಮನಿಸಿ. ಟೈಟಲ್ ಉದ್ದವಾದರೆ ಮೊಬೈಲ್‌ನಲ್ಲಿ ಕೊನೆ ಕತ್ತರಿಸಿ ಹೋಗುತ್ತದೆ. "ಹೋಮ್, ಸ್ವಾಗತ, ಕಾಸರಗೋಡಿನ ನಂಬರ್ ವನ್..." ಎಂದು ಶುರು ಮಾಡಿದರೆ ಕುಂಬಳೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಗೂಗಲ್ ಅಕ್ಷರ ಎಣಿಸಿ ಕತ್ತರಿಸುವುದಿಲ್ಲ, ಪರದೆಯ ಅಗಲ ನೋಡಿ ಕತ್ತರಿಸುತ್ತದೆ. ಟೈಟಲ್‌ಗೆ 60, ಡಿಸ್ಕ್ರಿಪ್ಶನ್‌ಗೆ 155 ಅಕ್ಷರ ಅನ್ನುವ ಅಂದಾಜು ಇಂಗ್ಲಿಷ್‌ಗೆ ಹುಟ್ಟಿದ್ದು. ಕನ್ನಡ ಅಕ್ಷರ ಅಗಲ, ಮೇಲಾಗಿ "ಕ್ಷ" ಒಂದೇ ಕಂಡರೂ ಕಂಪ್ಯೂಟರ್ ಅದನ್ನು ಮೂರು ಎಂದು ಎಣಿಸುತ್ತದೆ. ಹಾಗಾಗಿ ಎಣಿಸುವ ಟೂಲ್ ನಂಬಬೇಡಿ. ಮುಖ್ಯವಾದದ್ದನ್ನು ಮುಂದೆ ಇಟ್ಟು, ಮೊಬೈಲ್‌ನಲ್ಲೇ ಹುಡುಕಿ ನೋಡಿ.

ಡಿಸ್ಕ್ರಿಪ್ಶನ್‌ನಲ್ಲಿ "ಆರ್ಥೋ ರಿಹ್ಯಾಬ್" ಬೇಡ. ಅಡಿಕೆ ಸುಲಿದು ಬೆನ್ನು ಹಿಡಿದವರು ಹುಡುಕುವುದು "ಬೆನ್ನು ನೋವು" ಎಂದೇ ಅಲ್ವಾ? "ಶೇಕಡಾ 100 ಗುಣ" ಎಂದೂ ಬರೆಯಬೇಡಿ. ನೋವಿನಲ್ಲಿ ಇರುವವರಿಗೆ ಹಾಗೆ ಮಾತು ಕೊಡಲು ಯಾವ ಫಿಸಿಯೋಗೂ ಆಗುವುದಿಲ್ಲ.

ತಿದ್ದಿದ ಮೇಲೆ, ಸೈಟ್ ಇರುವವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ `URL Inspection`ನಲ್ಲಿ ಪುಟದ ವಿಳಾಸ ಹಾಕಿ `Request indexing` ಒತ್ತಿ. ಬದಲಾವಣೆ ಕಾಣಲು ಕೆಲವು ದಿನ, ಒಮ್ಮೊಮ್ಮೆ ವಾರಗಳೇ ಬೇಕು. ಆಮೇಲೆ ಅಲ್ಲಿಯೇ `Performance` ನೋಡುತ್ತಿರಿ. ನೀವು ಫಲಿತಾಂಶದಲ್ಲಿ ಕಾಣಿಸುತ್ತಿದ್ದು ಯಾರೂ ಒತ್ತುತ್ತಿಲ್ಲ ಎಂದಾದರೆ ಟೈಟಲ್, ಡಿಸ್ಕ್ರಿಪ್ಶನ್ ಮತ್ತೆ ತಿದ್ದಿ ನೋಡಬೇಕು. ಕಾಣಿಸುವುದೇ ಇಲ್ಲ ಎಂದಾದರೆ ಡಿಸ್ಕ್ರಿಪ್ಶನ್ ತಿದ್ದಿ ಸುಮ್ನೆ ಸಮಯ ಹಾಳು. ಅದು ಸ್ಥಾನ ಏರಿಸುವುದಿಲ್ಲ. ಮ್ಯಾಪ್ ಜೊತೆ ಬರುವ ಪಟ್ಟಿಯಲ್ಲಿ ಕಾಣುವ ಹೆಸರು, ಸಮಯ, ಫೋನ್ ನಂಬರನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಬೇರೆಯಾಗಿಯೇ ತಿದ್ದಬೇಕು.