ಜಾತಿ ಕೇಸಾ, ಕೂಲಿ ಕೇಸಾ ಅಂತ ಮೊದಲೇ ಆರಿಸ್ಕೊಂಡು ಬರಬೇಡಿ

ಕಾಸರಗೋಡಿನಲ್ಲಿ ವಕೀಲಿ ಮಾಡುವ ನನ್ನ ಹತ್ರ ಮನೆಗೆಲಸದ ಹೆಂಗಸರನ್ನು ಕರ್ಕೊಂಡು ಬರುವವರು ಹೆಚ್ಚಾಗಿ ಪಂಚಾಯತ್ ಮೆಂಬರು, ಕುಟುಂಬಶ್ರೀಯವರು, ಇಲ್ಲ ಕಾಲನಿಯಲ್ಲಿ ಸ್ವಲ್ಪ ಓದಿದ ಹುಡುಗರು. ಎಲ್ಲರೂ ಒಳ್ಳೆಯವರೇ, ಬಸ್ಸಿನ ಖರ್ಚು ಕೂಡ ತಮ್ಮ ಕೈಯಿಂದ ಹಾಕಿರ್ತಾರೆ. ಆದ್ರೆ ಬಾಗಿಲಲ್ಲೇ ಅದೊಂದು ಮಾತು ಬರ್ತದೆ ನೋಡಿ, "ಮೇಡಂ ಇದು ಜಾತಿ ಕೇಸ್ ಅಲ್ಲ, ಬರೀ ಸಂಬಳದ ಕೇಸ್" ಅಂತ, ಇಲ್ಲದಿದ್ರೆ "ಸಂಬಳ ಹೋಗ್ಲಿ ಬಿಡಿ, ಅಟ್ರಾಸಿಟಿ ಹಾಕಿ" ಅಂತ. ಆ ಹೆಂಗಸು ಇನ್ನೂ ಬಾಯಿ ತೆರೆದಿರೋದಿಲ್ಲ, ಅವಳ ಕಥೆಯಲ್ಲಿ ಅರ್ಧ ಇಟ್ಕೊಂಡು ಅರ್ಧ ಬಿಟ್ಟು ಆಗಿರ್ತದೆ. ನನಗೆ ಸಿಟ್ಟು ಬರೋದು ಅಲ್ಲೇ, ಯಾಕಂದ್ರೆ ಆ ಬಿಟ್ಟ ಅರ್ಧದಲ್ಲೇ ಕೇಸಿನ ಜೀವ ಇರ್ತದೆ.

ಒಂದು ಕೇಸನ್ನೇ ಹೇಳ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ. ಗಡಿ ಹತ್ತಿರದ ಒಂದು ಪಂಚಾಯತು, ಅಡಿಕೆ ತೋಟದ ನಡುವೆ ದೊಡ್ಡ ಮನೆ. ಪರಿಶಿಷ್ಟ ಜಾತಿಯ ಹೆಂಗಸು, ನಲ್ವತ್ತು ದಾಟಿದೆ, ಬೆಳಿಗ್ಗೆ ಏಳೂವರೆಗೆ ಹೋದ್ರೆ ಮೂರು ಗಂಟೆವರೆಗೆ ದನದ ಹಟ್ಟಿ ತೊಳೆಯೋದು, ಅಂಗಳ ಗುಡಿಸೋದು, ಹೊರಗಿನ ಕಲ್ಲಲ್ಲಿ ಬಟ್ಟೆ ಪಾತ್ರೆ, ಮತ್ತೆ ಬಾತ್‌ರೂಮು. ತಿಂಗಳಿಗೆ 6,500. ಅದೇ ಮನೆಯಲ್ಲಿ ಅಡಿಗೆಗೆ ಇನ್ನೊಬ್ಬಳು, ಬೇರೆ ಜಾತಿಯವಳು, ಮಧ್ಯಾಹ್ನಕ್ಕೆ ಕೆಲಸ ಮುಗೀತದೆ, ಅವಳಿಗೆ 12,000. ತೋಟಕ್ಕೆ ಹೋಗುವ ಗಂಡಾಳುಗಳಲ್ಲಿ ಈ ಹೆಂಗಸಿನ ಮೈದುನನೇ ಇದ್ದಾನೆ, ಅವನಿಗೆ ದಿನಕ್ಕೆ 800. ಹೆಂಗಸಿನ ಊಟ ಹಿಂದಿನ ಜಗಲಿಯಲ್ಲಿ, ಅವಳ ಬಟ್ಟಲು ಗ್ಲಾಸು ಬೇರೆ, ತೊಳೆದು ಬಟ್ಟೆ ಒಗೆಯುವ ಕಲ್ಲಿನ ಹತ್ರ ಇಡೋದು. ಅಡಿಗೆಯವಳ ಊಟ ಒಳಗೆ. ಒಂದು ಮಳೆ ದಿನ ಅಡಿಗೆಯವಳು ಬರ್ಲಿಲ್ಲ, ಇವಳು ತೊಳೆದ ಪಾತ್ರೆ ತಕ್ಕೊಂಡು ಹೋಗಿ ಅಡಿಗೆಕೋಣೆಯಲ್ಲೇ ಇಟ್ಳು. ಮನೆಯ ಹಿರಿಯ ಹೆಂಗಸು ಜಾತಿ ಹೆಸರು ಹಿಡಿದು ಬೈದದ್ದು, ಅಂಗಳದವರೆಗೆ ಬೈತಾ ಬಂದದ್ದು, ನಾಳೆಯಿಂದ ಬರಬೇಡ ಅಂದದ್ದು. ಎರಡು ತಿಂಗಳ ಸಂಬಳ ಬಾಕಿ ಇತ್ತು, ಅದೂ ಸಿಗ್ಲಿಲ್ಲ.

ಈಗ ಇದನ್ನು ಒಂದೊಂದೇ ಕಾನೂನಿನ ಕಣ್ಣಲ್ಲಿ ನೋಡಿ. ಲೇಬರ್ ಆಫೀಸಿನಲ್ಲಿ ಬಾಕಿ ಸಂಬಳ ಕೇಳಬಹುದು, ಮನೆಗೆಲಸವನ್ನು ಕನಿಷ್ಠ ಕೂಲಿಯ ಪಟ್ಟಿಗೆ ಕೇರಳವೂ ಸೇರಿಸಿದೆ, ಕರ್ನಾಟಕವೂ ಸೇರಿಸಿದೆ. ಆದ್ರೆ ಕನಿಷ್ಠ ಕೂಲಿ ಅನ್ನೋದು ಇದಕ್ಕಿಂತ ಕೆಳಗೆ ಹೋಗ್ಬಾರ್ದು ಅಂತ ಮಾತ್ರ ಹೇಳ್ತದೆ, ಹಟ್ಟಿ ಯಾರಿಗೆ ಅಡಿಗೆ ಯಾರಿಗೆ ಅಂತ ಕೇಳೋದೇ ಇಲ್ಲ. ಸಮಾನ ವೇತನ ಕೇಳುವಾ ಅಂದ್ರೆ 1976ರ ಕಾನೂನೂ ಅದರ ಜಾಗಕ್ಕೆ ಬಂದ ವೇತನ ಸಂಹಿತೆಯೂ ಹೋಲಿಸೋದು ಗಂಡು ಹೆಣ್ಣನ್ನು, ಅದೂ ಒಂದೇ ತರದ ಕೆಲಸದಲ್ಲಿ. ಇಬ್ಬರು ಹೆಂಗಸರ ನಡುವಿನ 5,500ರ ವ್ಯತ್ಯಾಸ ಅಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಮತ್ತೆ ಮನೆಯವರ ಉತ್ತರ ಹೇಗಿರ್ತದೆ ಅಂದ್ರೆ, "ನಾವು ಹೆಂಗಸರಿಗೆ ಒಳ್ಳೆ ಸಂಬಳ ಕೊಡ್ತೇವೆ, ಅಡಿಗೆಯವಳನ್ನು ಕೇಳಿ. ಅವರ ಜಾತಿಯವರಿಗೂ ಕೊಡ್ತೇವೆ, ಅವಳ ಮೈದುನನನ್ನೇ ಕೇಳಿ." ಎರಡೂ ನಿಜ! ಹಾಗಾದ್ರೆ ತಾರತಮ್ಯ ಎಲ್ಲಿದೆ ಅಂತ ಕರ್ಕೊಂಡು ಬಂದವರೇ ನನ್ನ ಮುಖ ನೋಡ್ತಾರೆ.

ಇದೇ ಉತ್ತರವನ್ನು ಅಮೆರಿಕದ ಒಂದು ಕೋರ್ಟು 1976ರಲ್ಲಿ ಒಪ್ಪಿಕೊಂಡಿತ್ತು. ಜನರಲ್ ಮೋಟರ್ಸ್ ಮೇಲೆ ಐದು ಜನ ಕಪ್ಪು ಹೆಂಗಸರು ಹಾಕಿದ ಕೇಸು, ಡಿಗ್ರಾಫನ್‌ರೀಡ್ ಕೇಸು ಅಂತ. 1964ರ ಮೊದಲು ಆ ಕಂಪೆನಿ ಕಪ್ಪು ಹೆಂಗಸರನ್ನು ತಕ್ಕೊಂಡೇ ಇರ್ಲಿಲ್ಲ, ಆಮೇಲೆ ಕೆಲಸ ಕಡಿಮೆಯಾದಾಗ ಕೊನೆಗೆ ಸೇರಿದವರು ಮೊದಲು ಹೊರಗೆ ಅಂದ್ರು, ಹಾಗಾಗಿ ಇವರೆಲ್ಲ ಹೋದ್ರು. ಕೋರ್ಟು ಹೇಳಿದ್ದು ಕಂಪೆನಿಯಲ್ಲಿ ಹೆಂಗಸರೂ ಇದ್ದಾರೆ, ಕಪ್ಪು ಜನರಿಗೆ ಬೇಕಾದ್ರೆ ಬೇರೆ ಕೇಸು ಉಂಟು, ಎರಡನ್ನೂ ಸೇರಿಸಿ ಹೊಸದೊಂದು ಹಕ್ಕು ಕೇಳೋದಕ್ಕೆ ಆಗೋದಿಲ್ಲ ಅಂತ. ಅಲ್ಲಿದ್ದ ಹೆಂಗಸರು ಬಿಳಿಯರು, ಕಪ್ಪು ಜನರಿಗೆ ಇದ್ದ ಕೆಲಸ ಗಂಡಸರದ್ದು, ಅದು ಲೆಕ್ಕಕ್ಕೆ ಬರ್ಲಿಲ್ಲ. ಕಿಂಬರ್ಲಿ ಕ್ರೆನ್‌ಶಾ ಅನ್ನುವ ಕಾನೂನು ಪ್ರೊಫೆಸರ್ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ, ಅಂದ್ರೆ ವರ್ಣವೂ ಹೆಣ್ಣುತನವೂ ಹೆಣೆದುಕೊಂಡಾಗ ಆಗುವ ಅನ್ಯಾಯವೇ ಬೇರೆ, ಅಂತ ವಾದ ಕಟ್ಟಿದ್ದು ಈ ತೀರ್ಪನ್ನೂ ಇಂಥ ಇನ್ನೂ ಕೆಲವು ತೀರ್ಪುಗಳನ್ನೂ ಇಟ್ಟುಕೊಂಡೇ. ನಮ್ಮ ಕಡೆ ಹೆಚ್ಚಿನವರು ಅದನ್ನು "ಎರಡು ಕಷ್ಟ ಒಟ್ಟಿಗೆ" ಅಂತ ತಿಳ್ಕೊಂಡಿದ್ದಾರೆ, ಜಾತಿ ಕಷ್ಟ ಒಂದು ಬಡತನದ ಕಷ್ಟ ಒಂದು, ಕೂಡಿಸಿದ್ರೆ ಎರಡು. ಹಾಗಲ್ಲ ಮಾರಾಯ್ರೇ. ಈ ಹೆಂಗಸಿನ ಸಂಬಳ 6,500 ಆದದ್ದು ಯಾಕೆ? ಅವಳಿಗೆ ಹೊರಗಿನ ಕೆಲಸ ಮಾತ್ರ ಕೊಡ್ತಾರೆ. ಹೊರಗಿನದು ಮಾತ್ರ ಯಾಕೆ? ಒಳಗೆ ಬರ್ಬಾರ್ದು ಅಂತ. ಅಡಿಗೆ ಬಾರದೆ ಅಲ್ಲ, ಮನೆಯಲ್ಲಿ ಆರು ಜನಕ್ಕೆ ಮಾಡಿ ಹಾಕಿಯೇ ಬರುವವಳು ಅವಳು. ಅವಳ ಜಾತಿಯೇ ಅವಳ ಕೂಲಿಯನ್ನು ನಿಶ್ಚಯ ಮಾಡಿದೆ. ಮತ್ತೆ ಆ ಕಡಿಮೆ ಕೂಲಿಯಿಂದಾಗಿಯೇ ಅವಳು ಬೈಗುಳ ಕೇಳಿಯೂ ವರ್ಷಗಟ್ಲೆ ಬಾಯಿ ಮುಚ್ಚಿಕೊಂಡಿದ್ದಳು, ಅವಳ ಮನೆ ಇರೋದು ಕುಡಿಕಿಡಪ್ಪಿನಲ್ಲಿ, ಅಂದ್ರೆ ಧಣಿಗಳ ಜಾಗದಲ್ಲಿ ಗುಡಿಸಲು ಹಾಕಿ ಇದ್ದವರಿಗೆ ಕೇರಳದ ಭೂಸುಧಾರಣೆ ಕೊಟ್ಟ ಹಕ್ಕಿನಲ್ಲಿ, ಸಿಕ್ಕಿದ ಹತ್ತು ಸೆಂಟ್ಸಿನಲ್ಲಿ, ಸುತ್ತ ಅದೇ ಮನೆಯವರ ತೋಟ, ರಸ್ತೆಗೆ ಬರುವ ಕಾಲುದಾರಿಯೂ ತೋಟದ ಒಳಗಿಂದ್ಲೇ. ಇದರಲ್ಲಿ ಜಾತಿ ಎಲ್ಲಿ ಮುಗೀತು ಬಡತನ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೀರಿ ನೋಡುವಾ, ನನ್ನಿಂದ ಆಗೋದಿಲ್ಲ.

ಸರಿ, ಹಾಗಾದ್ರೆ ಅಟ್ರಾಸಿಟಿ ಒಂದೇ ಹಾಕುವಾ ಅನ್ನುವವರಿಗೆ ಹೇಳ್ತೇನೆ. ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು (ಎಸ್), ಅವಮಾನ ಮತ್ತು ಜಾತಿ ಹೆಸರಲ್ಲಿ ಬೈಗುಳ, ಎರಡಕ್ಕೂ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೀಬೇಕು. 2020ರಲ್ಲಿ ಹಿತೇಶ್ ವರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆಯ ಒಳಗೆ ಬೈದ್ರೆ ಈ ಸೆಕ್ಷನ್ ನಿಲ್ಲೋದಿಲ್ಲ ಅಂತ ಹೇಳಿದೆ. ಆಫೀಸಲ್ಲಿ ಕೆಲಸ ಮಾಡುವವರಿಗೆ ನಾಲ್ಕು ಜನ ಸಾಕ್ಷಿ ಸಿಗ್ತಾರೆ, ಮನೆಗೆಲಸದವಳ ಕೆಲಸದ ಜಾಗವೇ ಇನ್ನೊಬ್ಬರ ನಾಲ್ಕು ಗೋಡೆ. ಅವಳು ಮಾಡುವ ಕೆಲಸವೇ ಅವಳಿಗೆ ಆದ ಜಾತಿ ಅವಮಾನವನ್ನು ಕಾನೂನಿನ ಕಣ್ಣಿಂದ ಮುಚ್ಚಿಬಿಡ್ತದೆ. ನಾನು ಎಲ್ಲರ ಹತ್ರ ಹೇಳಿ ಹೇಳಿ ಸಾಕಾದ ವಿಷಯ ಇದೇ.

ಅದಕ್ಕೇ ಬೈದದ್ದು ಎಲ್ಲಿ, ಯಾರು ಇದ್ರು, ಅಂತ ನಾನು ಬಿಡದೆ ಕೇಳೋದು. ಈ ಹೆಂಗಸಿಗೆ ಯಾರೋ ಬರೆದುಕೊಟ್ಟ ಮೊದಲ ಅರ್ಜಿಯಲ್ಲಿ ಇದ್ದದ್ದು ಮೂರು ಸಾಲು, ಮನೆಯೊಳಗೆ ಬೈದ್ರು, ಕೆಲಸದಿಂದ ತೆಗೆದ್ರು, ಸಂಬಳ ಕೊಡ್ಲಿಲ್ಲ. ಸಂಬಳದ ಕೇಸಲ್ವಾ, ಅಷ್ಟು ಸಾಕು ಅಂತ ಬರೆದವರಿಗೆ ಅನಿಸಿದೆ. ಕೂತು ಕೇಳಿದಾಗ ಅಂಗಳದ ಮಾತು ಬಂತು. ಅಂಗಳದಲ್ಲಿ ಆಗ ಅಡಿಕೆ ತಕ್ಕೊಂಡು ಹೋಗ್ಲಿಕ್ಕೆ ಬಂದ ಪಿಕಪ್ ನಿಂತಿತ್ತು, ಡ್ರೈವರ್ ಗೋಣಿ ಹೇರ್ತಾ ಇದ್ದ, ಅವನು ಆ ಮನೆಯ ನೆಂಟನೂ ಅಲ್ಲ ಸ್ನೇಹಿತನೂ ಅಲ್ಲ. ಸುಪ್ರೀಂ ಕೋರ್ಟಿನ 2008ರ ಸ್ವರಣ್ ಸಿಂಗ್ ತೀರ್ಪಿನ ಪ್ರಕಾರ ಖಾಸಗಿ ಜಾಗ ಆದ್ರೂ ಹೊರಗಿನವರು ನೋಡುವ ಕೇಳುವ ಹಾಗಿದ್ರೆ ಅದು ಸಾರ್ವಜನಿಕರ ಕಣ್ಣಿಗೆ ಬಿದ್ದ ಹಾಗೇ. ತೋಟದ ಆಳುಗಳು ಮಾತ್ರ ಕೇಳಿದ್ರೆ ಸಾಕಾ ಅಂತ ಕೇಳಿದ್ರೆ ನಾನು ಸಾಕು ಅಂತ ವಾದ ಮಾಡ್ತೇನೆ, ಗ್ಯಾರಂಟಿ ಕೊಡೋದಿಲ್ಲ.

ಅಂಗಳಕ್ಕೆ ಬಾರದೆ ಒಳಗೇ ಬೈದಿದ್ರೆ ಎಂತ ಮಾಡೋದು ಅಂತ ಕೇಳಿದ್ರೆ, ಎಲ್ಲರೂ ಮರೆತ ಒಂದು ಕಾನೂನು ಉಂಟು, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ. ಅದರ 7(1)(ಡಿ) ಅಸ್ಪೃಶ್ಯತೆಯ ಕಾರಣಕ್ಕೆ ಅವಮಾನ ಮಾಡಿದ್ರೆ ಅಪರಾಧ ಅನ್ನುತ್ತದೆ, ಸಾರ್ವಜನಿಕರ ಕಣ್ಣು ಅನ್ನುವ ಷರತ್ತು ಅಲ್ಲಿ ಇಲ್ಲ. 12ನೇ ಸೆಕ್ಷನ್ ಪ್ರಕಾರ ಆ ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸ್ಬೇಕು, ಅಲ್ಲ ಅಂತ ತೋರಿಸೋದು ಆರೋಪಿಯ ಹೊಣೆ. ಶಿಕ್ಷೆ ಕಡಿಮೆ, ಒಂದರಿಂದ ಆರು ತಿಂಗಳು, ಹಾಗಾಗಿ ಸ್ಟೇಷನ್ನಿನಲ್ಲಿ ಇದನ್ನು ಕೇಳುವವರೂ ಇಲ್ಲ ಹಾಕುವವರೂ ಇಲ್ಲ. ಬೇರೆ ಗ್ಲಾಸು ಇಡೋದೇ ಅಪರಾಧವಾ ಅಂದ್ರೆ, ಪಾತ್ರೆಯ ವಿಷಯದಲ್ಲಿ ಆ ಕಾಯ್ದೆ ಹೇಳೋದು ಹೋಟೆಲು, ಧರ್ಮಶಾಲೆ ಅಂಥ ಜಾಗಗಳನ್ನು, ಖಾಸಗಿ ಮನೆಯನ್ನಲ್ಲ. ಆದ್ರೆ ಬೈಗುಳದ ಕಾರಣ ತೋರಿಸ್ಲಿಕ್ಕೆ ಆ ಗ್ಲಾಸು ಬೇಕು, ಅರ್ಜಿಯಲ್ಲಿ ಬರೀಬೇಕು. ಅಡಿಗೆ ಕೆಲಸ ಕೊಡದೆ ಇದ್ದದ್ದನ್ನೂ ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಉದ್ಯೋಗ ಅಂತ ಇರುವ ಭಾಗಕ್ಕೆ ಹಚ್ಚಿ ವಾದಿಸಬಹುದು ಅಂತ ನನ್ನ ಅಭಿಪ್ರಾಯ. ಕಷ್ಟದ ವಾದ, ಅಡಿಗೆಯವಳ ಸಂಬಳ ದಾಖಲೆಯಲ್ಲಿ ಇಲ್ಲದಿದ್ರೆ ಶುರು ಮಾಡ್ಲಿಕ್ಕೂ ಆಗೋದಿಲ್ಲ.

ನಮ್ಮ ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲ ಅಂತಲ್ಲ. 2021ರ ಏಪ್ರಿಲ್‌ನಲ್ಲಿ ಆಂಧ್ರದ ಪಟಾನ್ ಜಮಾಲ್ ವಲಿ ಕೇಸಿನಲ್ಲಿ, ಕಣ್ಣು ಕಾಣದ ಪರಿಶಿಷ್ಟ ಜಾತಿಯ ಯುವತಿಯ ಮೇಲಿನ ಅತ್ಯಾಚಾರ ಅದು, ಜಾತಿ, ಹೆಣ್ಣುತನ, ಅಂಗವೈಕಲ್ಯ ಒಟ್ಟಿಗೇ ಕೆಲಸ ಮಾಡುವಾಗ ಯಾವುದರಿಂದ ಎಷ್ಟು ಹಾನಿ ಅಂತ ಬೇರೆ ಮಾಡೋದು ಕಷ್ಟ ಅಂತ ಕೋರ್ಟು ವಿವರವಾಗಿ ಬರೆಯಿತು. ಅತ್ಯಾಚಾರದ ಜೀವಾವಧಿ ಶಿಕ್ಷೆ ಉಳೀತು. ಆದ್ರೆ ಅಟ್ರಾಸಿಟಿ ಭಾಗ ಬಿದ್ದುಹೋಯ್ತು, ಜಾತಿಯ ಕಾರಣಕ್ಕೆ ಮಾಡಿದ್ದು ಅಂತ ತೋರಿಸುವ ಸಾಕ್ಷ್ಯ ಪ್ರಾಸಿಕ್ಯೂಷನ್ ತಂದಿರ್ಲಿಲ್ಲ, ಆ ಘಟನೆಗೆ ಅನ್ವಯಿಸಿದ್ದು ಹಳೇ ಕಾನೂನು. 2016ರ ಜನವರಿಯಿಂದ ಅಂಥ ದೊಡ್ಡ ಅಪರಾಧಗಳಿಗೆ ಜಾತಿ ಗೊತ್ತಿದ್ದು ಮಾಡಿದ್ರೆ ಸಾಕು ಅಂತಾಗಿದೆ, ಮತ್ತೆ ಆರೋಪಿಗೆ ಸಂತ್ರಸ್ತೆಯ ಇಲ್ಲ ಅವಳ ಕುಟುಂಬದ ಪರಿಚಯ ಇದ್ರೆ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸ್ತದೆ. ಅತ್ತೆಯ ಕಾಲದಿಂದ ಆ ಮನೆಗೆ ಹೋಗ್ತಿದ್ದೇವೆ ಅನ್ನುವ ಒಂದು ಸಾಲು ಈ ಮನೆಗೆಲಸದ ಹೆಂಗಸಿನ ಹೇಳಿಕೆಯಲ್ಲಿ ಇರಬೇಕಾದದ್ದು ಇದಕ್ಕೇ.

ಹಾಗಾಗಿ ಅವಳು ಹೇಳೋದನ್ನು ಪೂರ್ತಿ ಒಂದೇ ಕಥೆಯಾಗಿ ಬರೆದುಕೊಂಡು ಬನ್ನಿ. ಎಷ್ಟು ವರ್ಷದಿಂದ, ಯಾವ ಯಾವ ಕೆಲಸ, ಎಲ್ಲಿವರೆಗೆ ಒಳಗೆ ಹೋಗಬಹುದಿತ್ತು, ಬೇರೆಯವರಿಗೆ ಎಷ್ಟು ಸಂಬಳ, ಊಟ ಎಲ್ಲಿ, ಬೈದದ್ದು ಎಲ್ಲಿ ನಿಂತು, ಅಲ್ಲಿ ಯಾರಿದ್ರು. ಯಾವುದು ಲೇಬರ್ ಆಫೀಸಿಗೆ ಯಾವುದು ಡಿವೈಎಸ್‌ಪಿಗೆ ಅಂತ ಬೇರೆ ಮಾಡೋದು ನಮ್ಮ ಕೆಲಸ. ಸ್ಟೇಷನ್ನಿನಲ್ಲಿ ಅವಳು ತುಳುವಿನಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಬರ್ಕೊಳ್ತಾರೆ, ಸಹಿ ಹಾಕುವ ಮೊದಲು ಓದಿ ಹೇಳ್ಲೇಬೇಕು ಅಂತ ಕಾನೂನಿದೆ, ಅವಳಿಗೆ ಅರ್ಥ ಆಗುವ ಭಾಷೆಯಲ್ಲಿ ಓದಿಸಿ, ಬೇಕಾದ್ರೆ ಜೊತೆಯಲ್ಲಿ ಒಬ್ಬರು ಕೂತ್ಕೊಳ್ಳಿ, ಎಫ್‌ಐಆರ್ ಕಾಪಿ ಫ್ರೀಯಾಗಿ ಸಿಗ್ತದೆ, ಅದನ್ನು ತಕ್ಕೊಂಡೇ ಬನ್ನಿ.

ಮತ್ತೆ ಮಧ್ಯಸ್ಥಿಕೆಗೆ ಹೊರಡುವವರು ಸ್ವಲ್ಪ ನಿಲ್ಲಿ. ಬಾಕಿ ಸಂಬಳ ಕೊಡಿಸ್ತೇವೆ, ಜಾತಿ ದೂರು ವಾಪಸ್ ತಕ್ಕೊಳ್ಲಿ ಅಂತ ಈ ಕೇಸಿನಲ್ಲೂ ಎರಡು ಸಲ ಬಂದ್ರು. ಅಟ್ರಾಸಿಟಿ ಕಾಯ್ದೆಯ ಅಪರಾಧಗಳಿಗೆ ಸ್ಟೇಷನ್ನಿನಲ್ಲೋ ಜಗಲಿಯಲ್ಲೋ ರಾಜಿ ಅನ್ನೋದು ಇಲ್ಲ, ಮತ್ತೆ ಸಂಬಳ ಅವಳು ದುಡಿದ ದುಡ್ಡು, ಅದಕ್ಕೆ ಬದಲಾಗಿ ಅವಳೆಂತ ಕೊಡಬೇಕು? ಎರಡು ತಿಂಗಳ 13,000 ಲೇಬರ್ ಆಫೀಸಿನ ಮೂಲಕವೇ ಅವಳ ಕೈಗೆ ಬಂತು. ಡ್ರೈವರ್ ಹೇಳಿಕೆ ಕೊಟ್ಟಿದ್ದಾನೆ, ಕೇಸು ಸ್ಪೆಷಲ್ ಕೋರ್ಟಿನಲ್ಲಿದೆ. ಅಡಿಗೆಯವಳು ತನ್ನ ಸಂಬಳ ಎಷ್ಟು ಅಂತ ಕೋರ್ಟಿನಲ್ಲಿ ಹೇಳ್ಲಿಕ್ಕೆ ಇನ್ನೂ ಒಪ್ಪಿಲ್ಲ, ಅವಳಿಗೂ ಅದೇ ಮನೆಯ ಕೆಲಸ ಬೇಕಲ್ವಾ.