ಚರುಮುರಿ ಗಾಡಿಯ ಲೆಕ್ಕ ಯಾವ ಪುಸ್ತಕದಲ್ಲಿದೆ?

ಮಂಗಳೂರಿನಲ್ಲಿ ಬೀದಿಬದಿ ವ್ಯಾಪಾರಿಗಳು ಎಷ್ಟು ಜನ ಇದ್ದಾರೆ? ಗಾಡಿ ತೆರವಿನ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಕೇಳಿಬರುತ್ತದೆ. ಗುರುತಿನ ಚೀಟಿ ಸಿಕ್ಕವರನ್ನು ಎಣಿಸಿದರೆ ಒಂದು, ಸಾಲಕ್ಕೆ ಅರ್ಜಿ ಹಾಕಿದವರನ್ನು ಎಣಿಸಿದರೆ ಇನ್ನೊಂದು. ಸಂಜೆ ಐದಕ್ಕೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸುತ್ತ ನಿಂತು ನೋಡಿದರೆ ಎರಡೂ ಸಾಲದು ಅನಿಸುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ನಿಂತು ಎಣಿಸುತ್ತಿದ್ದಾರೆ.

ಈ ಮಾತು ಅರ್ಥವಾಗಬೇಕಾದರೆ ನೆಹರೂ ಮೈದಾನದ ಹತ್ತಿರ ಚರುಮುರಿ ಮಾಡುವ ಒಬ್ಬರ ಲೆಕ್ಕ ನೋಡಬೇಕು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಅಣ್ಣ ಅಂತಲೇ ಬರೆಯುತ್ತೇನೆ. ಜನವರಿಯ ಒಂದು ರಾತ್ರಿ, ಗಾಡಿ ಮುಚ್ಚುವ ಹೊತ್ತಿಗೆ, ಇಬ್ಬರೂ ಕೂತು ಅಂದಿನ ಲೆಕ್ಕ ಬರೆದೆವು.

"ದಿನಕ್ಕೆ ಎಷ್ಟು ಉಳಿಯುತ್ತದೆ ಅಣ್ಣ?" ಅಂತ ಮೊದಲೇ ಕೇಳಿದ್ದೆ. "ಹಾಗೆ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಒಂದು ಐನೂರು, ಐನೂರೈವತ್ತು ಇಟ್ಕೊಳ್ಳಿ" ಅಂದಿದ್ದರು.

ಅಂದು 40 ರೂಪಾಯಿಯಂತೆ 60 ಚರುಮುರಿ ಹೋಗಿತ್ತು. ಅಂದರೆ 2,400 ರೂಪಾಯಿ. ಮಂಡಕ್ಕಿ, ಈರುಳ್ಳಿ, ಟೊಮೆಟೊ, ಕ್ಯಾರೆಟ್, ನೆಲಗಡಲೆ, ತೆಂಗಿನೆಣ್ಣೆ, ಎಲ್ಲ ಸೇರಿ 1,150. ಕಾಗದಕ್ಕೆ ಮತ್ತು ಬಸ್ಸಿಗೆ 90. ಉಳಿದದ್ದು 1,160. ಆದರೆ ಅಣ್ಣ ಹೇಳಿದ್ದು ಅದರ ಅರ್ಧಕ್ಕಿಂತ ಕಡಿಮೆ. ಮಿಕ್ಕ ಹಣ ಎಲ್ಲಿ ಹೋಯಿತು?

ಸಂಜೆ ಪಿಗ್ಮಿಯವರು ಬಂದು 200 ತಗೊಂಡು ಹೋಗಿದ್ದರು. ಫೈನಾನ್ಸಿನ ಸಾಲದ ಕಂತು 250. ಮಧ್ಯೆ ಹೆಂಡತಿ ಫೋನ್ ಮಾಡಿ ಹೇಳಿದ ಅಕ್ಕಿ, ಸಾಬೂನಿಗೆ ಗಲ್ಲಾಪೆಟ್ಟಿಗೆಯಿಂದಲೇ 150 ಹೋಗಿತ್ತು. ಕೊನೆಗೆ ಕೈಯಲ್ಲಿ 560. ಅಣ್ಣನಿಗೆ ಉಳಿಕೆ ಅಂದರೆ ಇದೇ. ರಾತ್ರಿ ಮನೆಗೆ ಒಯ್ಯುವ ದುಡ್ಡು.

ಸರಕಾರಿ ಸಮೀಕ್ಷೆಯ ಲೆಕ್ಕ ಹಾಗಲ್ಲ. ಪಿಗ್ಮಿಗೆ ಹಾಕಿದ್ದು ಉಳಿತಾಯ, ಅದು ಆದಾಯದೊಳಗೇ ಬರಬೇಕು. ಕಂತಿನಲ್ಲಿ ಅಸಲು ಖರ್ಚಲ್ಲ. ಮನೆಗೆ ಹೋದ ಅಕ್ಕಿಯೂ ವ್ಯಾಪಾರದ ಖರ್ಚಲ್ಲ. ಕೇಳುವವರು ಒಂದೊಂದಾಗಿ ಬಿಡಿಸಿ ಕೇಳಿದರೆ 1,160ರ ಹತ್ತಿರದ ಸಂಖ್ಯೆ ಸಿಗುತ್ತದೆ. ಸುಮ್ನೆ "ಎಷ್ಟು ಉಳಿಯುತ್ತದೆ" ಅಂದರೆ 560 ಸಿಗುತ್ತದೆ. ಎರಡೂ ಪ್ರಾಮಾಣಿಕ ಉತ್ತರವೇ. ನಿಜವಾದ ಕಷ್ಟ ಇಲ್ಲಿಂದ ಶುರುವಾಗುತ್ತದೆ, ವ್ಯಾಪಾರಿ ಏನೋ ಬಚ್ಚಿಡುತ್ತಾನೆ ಅನ್ನುವುದರಿಂದ ಅಲ್ಲ. ಗಲ್ಲಾ ಮತ್ತು ಮನೆ ಎರಡಕ್ಕೂ ಒಂದೇ ಜೇಬು. ಅದನ್ನು ಎರಡು ಮಾಡಿಕೊಡಿ ಅಂತ ಪ್ರಶ್ನಾವಳಿ ಕೇಳುತ್ತದೆ.

ಬಚ್ಚಿಡಲು ಕಾರಣವೂ ಇಲ್ಲದಿಲ್ಲ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ದಾಟಬಾರದು. ದಿನಕ್ಕೆ 500ರಂತೆ ತಿಂಗಳಿಗೆ 25 ದಿನ ದುಡಿದರೂ ವರ್ಷಕ್ಕೆ ಒಂದೂವರೆ ಲಕ್ಷ ಆಗಿಬಿಡುತ್ತದೆ. ಬಾಗಿಲಿಗೆ ಬಂದ ಅಪರಿಚಿತರ ಮುಂದೆ ಯಾರು ತಾನೇ ಪೂರ್ತಿ ಹೇಳುತ್ತಾರೆ? ಅದೇ ಮನುಷ್ಯ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಸ್ವಲ್ಪ ಜಾಸ್ತಿಯೇ ಹೇಳಬೇಕಾಗುತ್ತದೆ.

ಲೆಕ್ಕದಲ್ಲಿ ಇನ್ನೊಬ್ಬರು ಬಿಟ್ಟುಹೋಗಿದ್ದಾರೆ. ಬೆಳಗ್ಗೆ ಎರಡು ಗಂಟೆ ಹೊತ್ತು ಈರುಳ್ಳಿ, ಕ್ಯಾರೆಟ್ ಹೆಚ್ಚಿ ಡಬ್ಬಿ ತುಂಬಿಸುವುದು ಅಕ್ಕ, ಅಂದರೆ ಅಣ್ಣನ ಹೆಂಡತಿ. ಕೆಲಸ ಮಾಡ್ತೀರಾ ಅಂತ ಕೇಳಿದರೆ "ಇಲ್ಲ, ಮನೆಯಲ್ಲೇ ಇರುದು" ಅನ್ನುತ್ತಾರೆ. ಸಮೀಕ್ಷೆಯ ನಿಯಮದಲ್ಲಿ ಅವರು ಕುಟುಂಬದ ಉದ್ಯಮಕ್ಕೆ ಸಂಬಳವಿಲ್ಲದೆ ನೆರವಾಗುವ ದುಡಿಮೆಗಾರರು. ಇನ್ನೊಂದು ಪ್ರಶ್ನೆ ಕೇಳದೇ ಹೋದರೆ ಗೃಹಿಣಿ. ಆ ಒಂದು ಪ್ರಶ್ನೆಯಲ್ಲಿ ಒಬ್ಬ ಕೆಲಸಗಾರ್ತಿ ಇರುತ್ತಾಳೆ ಅಥವಾ ಇಲ್ಲವಾಗುತ್ತಾಳೆ.

ಈ ಗೋಜಲು ಹೊಸದೇನಲ್ಲ. 1970ರಲ್ಲೇ ದಾಂತವಾಲಾ ಸಮಿತಿ, ನಮ್ಮಂಥ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಹೊರಟರೆ ಅರ್ಥವಿಲ್ಲ ಅಂದಿತ್ತು. ಅದರ ಮೇಲೆ 1972-73ರಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ವರ್ಷದ ಲೆಕ್ಕ, ವಾರದ ಲೆಕ್ಕ, ದಿನದ ಲೆಕ್ಕ ಅಂತ ಮೂರು ಬಗೆಯಲ್ಲಿ ಕೇಳತೊಡಗಿತು. ಅದೇ ಹೊತ್ತಿಗೆ ಆಫ್ರಿಕಾದ ಘಾನಾ, ಕೀನ್ಯಾಗಳ ಅಧ್ಯಯನಗಳಿಂದ ಇಂಥ ಸಣ್ಣಪುಟ್ಟ ದುಡಿಮೆಗೆ 'ಅನೌಪಚಾರಿಕ ವಲಯ' ಅನ್ನುವ ಹೆಸರು ಬಂತು. 1993ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಖ್ಯೆ ಉದ್ಯಮ ಎಂಥದ್ದು ಅಂತ ನೋಡಿತು, 2003ರಲ್ಲಿ ಕೆಲಸ ಎಂಥದ್ದು ಅನ್ನುವುದನ್ನೂ ಸೇರಿಸಿಕೊಂಡಿತು. 2017ರಿಂದ ಕಾರ್ಮಿಕ ಬಲದ ನಿಯತಕಾಲಿಕ ಸಮೀಕ್ಷೆ ನಡೆಯುತ್ತಿದೆ.

ವಾರದ ಲೆಕ್ಕ ಮಾತ್ರ ನಿಂತು ನೋಡಬೇಕಾದದ್ದು. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಆ ವಾರ ನೀವು ಉದ್ಯೋಗಸ್ಥರು. ನಮ್ಮ ಕರಾವಳಿಯ ಜುಲೈ ನೆನಪು ಮಾಡಿಕೊಳ್ಳಿ. ಮೈದಾನದ ಬದಿ ನೀರು. ಅಣ್ಣ ಗಾಡಿಗೆ ಟಾರ್ಪಾಲು ಕಟ್ಟಿ ಬಿಟ್ಟಿದ್ದಾರೆ. ಗುರುವಾರ ಒಂದು ದಿನ ಲಾರಿಯಿಂದ ಸಾಮಾನು ಇಳಿಸಲು ಕರೆದರು, ಎರಡು ಗಂಟೆ ಕೆಲಸ. ಅಷ್ಟಾದರೆ ಆ ವಾರ ಅವರಿಗೆ ಕೆಲಸ ಇತ್ತು. ಆರು ದಿನ ಸುಮ್ಮನೆ ಕೂತದ್ದು ವಾರದ ಸಂಖ್ಯೆಯಲ್ಲಿ ಕಾಣುವುದಿಲ್ಲ. ದಿನದಿನದ ಗಂಟೆಗಳನ್ನು ಕೇಳಿ ಬರೆದುಕೊಳ್ಳುತ್ತಾರೆ, ನಿಜ. ಆದರೆ ಟಿವಿಯಲ್ಲಿ, ಪೇಪರಿನಲ್ಲಿ ಬರುವ ಮುಖ್ಯ ಸಂಖ್ಯೆಗೆ ಅವು ಹೋಗುವುದಿಲ್ಲ.

ಜನವರಿಯಲ್ಲಿ ಬಂದರೆ ಅಣ್ಣ ಸ್ವಂತ ಉದ್ಯೋಗಿ, ಜುಲೈಯಲ್ಲಿ ಬಂದರೆ ದಿನಗೂಲಿ. ಸಮೀಕ್ಷೆ ಮಾಡುವವರಿಗೆ ಇದು ಗೊತ್ತು, ಅದಕ್ಕೇ ಮನೆಗಳನ್ನು ವರ್ಷವಿಡೀ ಹಂಚಿಕೊಂಡು ಹೋಗುತ್ತಾರೆ. ದೇಶದ ಸರಾಸರಿಗೆ ಅದು ಸಾಕು. ಒಂದು ಜಿಲ್ಲೆಯ ಮಳೆಗಾಲ ಹೇಗಿರುತ್ತದೆ ಅಂತ ತಿಳಿಯಲು ಸಾಲುವುದಿಲ್ಲ.

ಈಗ ಎಲ್ಲಿ ಎಣಿಸುತ್ತಾರೆ ಅನ್ನುವ ವಿಷಯಕ್ಕೆ ಬರೋಣ. ನಾನು ಹತ್ತಿರದಿಂದ ನೋಡಿದ್ದು ಇದನ್ನೇ.

ಸಣ್ಣ ಉದ್ಯಮಗಳ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಾಯಂ ಜಾಗವಿಲ್ಲದ ವ್ಯಾಪಾರವನ್ನು ಮಾಲೀಕನ ಮನೆಯಲ್ಲಿ ಪಟ್ಟಿ ಮಾಡುತ್ತಾರೆ. ಗಾಡಿ ಮೈದಾನದಲ್ಲಿ, ಬಾಡಿಗೆ ಮನೆ ಬಂದರು ಕಡೆ. ಮಾದರಿಗೆ ಆರಿಸಿದ ಬ್ಲಾಕಿನಲ್ಲಿ ಆ ಮನೆ ಇದ್ದರೆ, ಮತ್ತು "ಇಲ್ಲಿ ಯಾರಾದರೂ ವ್ಯಾಪಾರ ಮಾಡ್ತಾರಾ" ಅಂತ ಕೇಳಿದರೆ, ಗಾಡಿ ಲೆಕ್ಕಕ್ಕೆ ಬರುತ್ತದೆ. ಬಂದರಿನ ಧಕ್ಕೆಯಲ್ಲಿ ಬೆಳಗ್ಗೆ ಮೀನು ಕೊಂಡು ಬಿಜೈಯ ಮನೆಮನೆಗೆ ಮಾರುವ ಹೆಂಗಸು ಉಳ್ಳಾಲದವರಾದರೆ, ಅವರ ಬುಟ್ಟಿ ಉಳ್ಳಾಲದ ಲೆಕ್ಕಕ್ಕೆ. ಬಾಗಲಕೋಟೆ, ಕೊಪ್ಪಳದಿಂದ ಬಂದು ಕಟ್ಟಡದ ಶೆಡ್ಡಿನಲ್ಲಿ ಮೂರು ತಿಂಗಳಿದ್ದು ಇನ್ನೊಂದು ಸೈಟಿಗೆ ಹೋಗುವ ಕೂಲಿಯವರು ಇಲ್ಲೂ ತಪ್ಪಬಹುದು, ಊರಲ್ಲೂ ತಪ್ಪಬಹುದು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದನ್ನು ತಿರುಗಿಸಿ ಬೀದಿಯಲ್ಲೇ ಎಣಿಸಿ ಅಂದಿತು. ಪಟ್ಟಣ ವ್ಯಾಪಾರ ಸಮಿತಿ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಎಣಿಕೆಗೂ ಹಕ್ಕಿಗೂ ಗಂಟು ಬಿದ್ದ ಕ್ಷಣದಿಂದ ಎಣಿಕೆ ಬರೀ ಎಣಿಕೆಯಾಗಿ ಉಳಿಯಲಿಲ್ಲ. ಪಟ್ಟಿಯಲ್ಲಿ ಇದ್ದರೆ ಜಾಗ, ಇಲ್ಲದಿದ್ದರೆ ತೆರವಿನ ಭಯ. ಸಮೀಕ್ಷೆ ಬಂದ ದಿನ ಜ್ವರ ಬಂದು ಮಲಗಿದ್ದವರು ಪಟ್ಟಿಯಿಂದ ಹೊರಗೆ. ಇನ್ನೊಂದು ಕಡೆ ನಗರದ ಜನಸಂಖ್ಯೆಯ ಶೇ. 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. 2011ರ ಜನಗಣತಿಯಲ್ಲಿ ಮಂಗಳೂರು ಪಾಲಿಕೆಯ ಜನಸಂಖ್ಯೆ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಶೇ. 2.5 ಅಂದರೆ ಸುಮಾರು 12 ಸಾವಿರ. ಇದು ಮಿತಿ, ಎಣಿಕೆ ಅಲ್ಲ. ಚರ್ಚೆಯಲ್ಲಿ ಎರಡೂ ಕಲಸಿಹೋಗುತ್ತವೆ. 2021ರ ಜನಗಣತಿ ನಡೆಯಲೇ ಇಲ್ಲ, ಹಾಗಾಗಿ ಆ ಮಿತಿಯೂ ಹಳೆಯದು.

ಪ್ರಮಾಣಪತ್ರ ಪಡೆಯುವಾಗ ವ್ಯಾಪಾರಿ ಒಂದು ಮುಚ್ಚಳಿಕೆ ಕೊಡಬೇಕು: ನನಗೆ ಬೇರೆ ಜೀವನೋಪಾಯ ಇಲ್ಲ. ಮಳೆಗಾಲದಲ್ಲಿ ಲೋಡಿಂಗಿಗೆ ಹೋಗುವ, ಮದುವೆ ಸೀಸನ್ನಿನಲ್ಲಿ ಊಟ ಬಡಿಸಲು ಹೋಗುವ ಅಣ್ಣ ಇದಕ್ಕೆ ಏನಂತ ಸಹಿ ಹಾಕಬೇಕು? ಒಂದು ಕೆಲಸದಿಂದ ವರ್ಷ ದಾಟಿಸಲು ಆಗುವುದಿಲ್ಲ ಅನ್ನುವುದೇ ಈ ಬದುಕಿನ ರೀತಿ. ಕಾಗದದಲ್ಲಿ ಒಂದೇ ಕೆಲಸಕ್ಕೆ ಜಾಗ.

2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆಂದು ಕೇಂದ್ರದ ಸ್ವನಿಧಿ ಸಾಲ ಬಂತು, ಮೊದಲ ಕಂತು 10,000 ರೂಪಾಯಿ. ಪಟ್ಟಿಯಲ್ಲಿ ಇಲ್ಲದವರಿಗೆ ಶಿಫಾರಸು ಪತ್ರ ಕೊಡುವ ದಾರಿ ಮಾಡಿದರು, ಸುತ್ತಲ ಹಳ್ಳಿಗಳಿಂದ ಬಂದು ಮಾರುವವರಿಗೂ ಅವಕಾಶ ಸಿಕ್ಕಿತು. ಬಿಟ್ಟುಹೋಗಿದ್ದ ಎಷ್ಟೋ ಜನ ಮೊದಲ ಸಲ ಕಾಗದದಲ್ಲಿ ಕಾಣಿಸಿದರು. ಆದರೆ ಇದು ಸಾಲ ಬೇಕಾದವರ ಪಟ್ಟಿ. ಸಾಲ ಬೇಡ ಅಂದವರು ಅದರಲ್ಲಿ ಇಲ್ಲ.

ಇಡೀ ದೇಶದ ಲೆಕ್ಕದಲ್ಲೂ ಇಂಥದ್ದೇ ಒಂದು ತೂತು ಇದೆ. ಸಣ್ಣ ಉದ್ಯಮಗಳ ಸಮೀಕ್ಷೆ 2015ರ ಜುಲೈಯಿಂದ 2016ರ ಜೂನ್ ತನಕ ನಡೆಯಿತು. 11.13 ಕೋಟಿ ಜನ ಅಂಥ ಉದ್ಯಮಗಳಲ್ಲಿ ದುಡಿಯುತ್ತಿದ್ದರು. ಮುಂದಿನದು ಶುರುವಾದದ್ದು 2021ರಲ್ಲಿ. ಮಧ್ಯದಲ್ಲಿ ನೋಟು ರದ್ದಾಯಿತು, ಜಿಎಸ್‌ಟಿ ಬಂತು, ಲಾಕ್‌ಡೌನ್ ಆಯಿತು. 2022-23ರಲ್ಲಿ ಎಣಿಸಿದಾಗ 10.96 ಕೋಟಿ. ಏಳು ವರ್ಷದಲ್ಲಿ ಒಂಚೂರು ಇಳಿದಿದೆ. 2016ರಿಂದ 2021ರ ತನಕ ಎಷ್ಟು ಏರಿತು, ಎಷ್ಟು ಬಿತ್ತು ಅಂತ ಹೇಳುವ ಸಮೀಕ್ಷೆ ಇಲ್ಲ. ಆ ವರ್ಷಗಳ ಜಿಡಿಪಿಯಲ್ಲಿ ಈ ವಲಯದ ಪಾಲನ್ನು ಹಳೆಯ ಸಮೀಕ್ಷೆಯ ಮೇಲೆ ಬೇರೆ ಸೂಚಕಗಳನ್ನಿಟ್ಟು ಅಂದಾಜು ಮಾಡಬೇಕಾಯಿತು. ದೊಡ್ಡ ಕಂಪನಿ ಬೆಳೆದಾಗ ತಳ್ಳುಗಾಡಿಯೂ ಬೆಳೆದಿರುತ್ತದೆ ಅಂತ ನಂಬಿದರೆ ಮಾತ್ರ ಇಂಥ ಅಂದಾಜು ನಿಲ್ಲುತ್ತದೆ. ಆ ವರ್ಷಗಳಲ್ಲಿ ಸ್ಟೇಟ್ ಬ್ಯಾಂಕಿನ ಬೀದಿ ನೋಡಿದವರಿಗೆ ಹಾಗೆ ನಂಬುವುದು ಕಷ್ಟ.

ಯುಪಿಐ ಬಂದ ಮೇಲೆ ಎಲ್ಲ ಸಲೀಸು ಅಂದುಕೊಂಡವರೂ ಇದ್ದರು. 2025ರ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋಯಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ "ಕ್ಯಾಶ್ ಮಾತ್ರ" ಅನ್ನುವ ಚೀಟಿ ಅಂಟಿತು. ಅಳೆಯಲು ಹೋದ ಕೈಗೇ ಹಣ ಸಿಗದಂತಾಯಿತು. ಖಾತೆಗೆ ಬಂದದ್ದೆಲ್ಲ ವ್ಯಾಪಾರವೂ ಅಲ್ಲ. ಅಣ್ಣನ ಫೋನಿಗೆ ಚೀಟಿ ದುಡ್ಡು ಬರುತ್ತದೆ, ಭಾವ ಹಿಂದಿರುಗಿಸಿದ ಕೈಸಾಲ ಬರುತ್ತದೆ, ಪಕ್ಕದ ಬೊಂಡದವರ ಕೋಡ್ ಕೆಟ್ಟ ದಿನ ಅವರ ಗಿರಾಕಿಯ ದುಡ್ಡೂ ಬರುತ್ತದೆ.

ನಮ್ಮ ಊರಿನಲ್ಲಿ ಇದಕ್ಕಿಂತ ಹಳೆಯ ದಾಖಲೆ ಒಂದಿದೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, ದಿನಕ್ಕೆ ಎರಡಾಣೆಯಂತೆ ಬಾಗಿಲಿಗೇ ಬಂದು ಹಣ ಸಂಗ್ರಹಿಸುವ ಪಿಗ್ಮಿ ಶುರುಮಾಡಿತು. ಪಿಗ್ಮಿಯವರು ಕೇಳುವುದು ಒಂದೇ ಪ್ರಶ್ನೆ, "ಇವತ್ತು ಎಷ್ಟು?" ಅಣ್ಣ ತನ್ನ ಪುಸ್ತಕ ತೆಗೆದು ತೋರಿಸಿದರು. ಏಪ್ರಿಲ್, ಮೇ ತಿಂಗಳಲ್ಲಿ ದಿನವೂ 200. ಜೂನ್ ಎರಡನೇ ವಾರದಿಂದ 100, 50, ಆಮೇಲೆ ಖಾಲಿ. ಜುಲೈಯಲ್ಲಿ ನಾಲ್ಕೇ ದಿನ ದುಡ್ಡು ಬಿದ್ದಿದೆ. ಒಂದು ಗುರುವಾರದ ಎದುರು 50 ಇತ್ತು. "ಅದು ಲಾರಿ ಇಳಿಸಿದ ದಿನ" ಅಂದರು ಅಣ್ಣ.