ಒಂಟಿಗಾಲಿನ್ಯಾಗ ನಿಂತ ಹಕ್ಕಿಗೆ ಕಾಲು ಸೇದಂಗಿಲ್ಲೇನು?

ಹೋದ ಚಳಿಗಾಲದಾಗ ಹೆರಕಲ್ ಕಡೆ ಆಲಮಟ್ಟಿ ಹಿನ್ನೀರಿನ ದಂಡಿಗೆ ಹೋಗಿದ್ದೆ, ಬೆಳಗ್ಗೆ ಆರೂವರಿ ಟೈಮು, ಮಂಜು ಇನ್ನೂ ನೀರ ಮ್ಯಾಲ ಕುಂತಿತ್ತು. ಫ್ಲೆಮಿಂಗೋ, ಅದ ನಮ್ಮ ರಾಜಹಂಸ, ಒಂದ್ ನಲವತ್ತು ಇದ್ದವು. ಬೈನಾಕ್ಯುಲರ್ ಹಚ್ಚಿ ನೋಡಿದ್ರ ಅರ್ಧಕ್ಕಿಂತ ಜಾಸ್ತಿ ಹಕ್ಕಿ ಒಂದ ಕಾಲ ಮ್ಯಾಲ ನಿಂತು ಕುತ್ತಿಗಿ ಸುರುಳಿ ಸುತ್ತಿ ಬೆನ್ನಿನ ಪುಕ್ಕದಾಗ ತಲಿ ಇಟ್ಕೊಂಡು ಮಲಗ್ಯಾವ. ಬಾಜೂಕ ಬಲಿ ಬಿಡಿಸ್ಕೊಂತ ಕುಂತಿದ್ದ ಕಾಕಾನ್ನ ಕೇಳಿದೆ, ಯಾಕ ಹಂಗ ನಿಂದರ್ತಾವ್ರಿ ಅಂತ. "ಒಂದು ಕಾಲು ಸೇದಿರ್ತೈತಿ ತಮ್ಮಾ, ಅದಕ್ಕ ರೆಸ್ಟ್ ಕೊಡ್ತಾವ, ಆಮ್ಯಾಲ ಬದಲಾಯಿಸ್ತಾವ" ಅಂದ್ರು.

ಕಾಕಾ ಹೇಳಿದ್ದು ಸುಮ್ನ ತಳ್ಳಿಹಾಕೋ ಮಾತಲ್ಲ, ಹಕ್ಕಿ ಓದಿದವರೂ ಭಾಳ ವರ್ಷ ಇದನ್ನೂ ಒಂದು ಕಾರಣ ಅಂತ ಹಿಡಿದಿದ್ರು.

ಅದಕ್ಕೂ ಮುಂಚೆ ಜನ ಇದನ್ನ ಹಕ್ಕಿಯ ಬುದ್ಧಿ ಅಂತನ ತಿಳ್ಕೊಂಡಿದ್ರು. ನಮ್ಮಲ್ಲಿ ಬಕಧ್ಯಾನ ಅಂತೀವಲ್ಲ, ಒಂಟಿಗಾಲಿನ್ಯಾಗ ತಪಸ್ಸು ಮಾಡಿದಂಗ ನಟಿಸಿ ಮೀನ ನುಂಗೋ ಕಳ್ಳ. ಅಲ್ಲಿ ರೋಮ್‌ನ್ಯಾಗ ಮೊದಲನೇ ಶತಮಾನದ ಪ್ಲಿನಿ ಇನ್ನೊಂದು ಕಥಿ ಬರದಿಟ್ಟಾನ: ರಾತ್ರಿ ಕಾವಲಿರೋ ಕ್ರೌಂಚ ಹಕ್ಕಿ ಎತ್ತಿದ ಕಾಲಾಗ ಕಲ್ಲು ಹಿಡ್ಕೊಂಡಿರ್ತೈತಂತ, ನಿದ್ದಿ ಬಂದ್ರ ಕಲ್ಲು ಬಿದ್ದು ಸಪ್ಪಳಕ್ಕ ಎಚ್ಚರ ಆಗ್ತೈತಂತ. ಕಥಿ ಚಂದ ಐತಿ, ಆದ್ರ ಇದರಾಗ ಒಂದು ತಪ್ಪು ಅಡಗೇತಿ. ಒಂದ ಕಾಲಾಗ ನಿಲ್ಲೋದು ಕಷ್ಟದ ಕೆಲಸ, ನಿದ್ದಿ ಹತ್ತಿದ್ರ ಬ್ಯಾಲೆನ್ಸ್ ತಪ್ಪತೈತಿ ಅಂತ ನಾವೆಲ್ಲಾ ನಮ್ಮ ಕಾಲು ನೋಡಿ ಲೆಕ್ಕ ಹಾಕಿದ್ವಿ.

ಕುಂತು ಎಣಿಸಿ ನೋಡಿದ್ದು ತೀರಾ ಈಚಿಗೆ. ಅಮೆರಿಕದ ಮ್ಯಾಥ್ಯೂ ಆಂಡರ್ಸನ್ ಮತ್ತ ಸಾರಾ ವಿಲಿಯಮ್ಸ್ ಫಿಲಡೆಲ್ಫಿಯಾ ಝೂನ ಕೆರಿಬಿಯನ್ ಫ್ಲೆಮಿಂಗೋಗಳನ್ನ ತಿಂಗಳಗಟ್ಟಲೆ ನೋಡಿ 2009ರಾಗ ರಿಸಲ್ಟ್ ಹೊರಗ ಹಾಕಿದ್ರು. ಕಾಲು ಸೇದೋದ ಕಾರಣ ಆಗಿದ್ರ, ಒಂದ ಕಾಲಾಗ ರೆಸ್ಟ್ ಮಾಡಿದ ಹಕ್ಕಿ ಬೇಗ ಹೆಜ್ಜಿ ಇಡಬೇಕಲ್ಲ? ಉಲ್ಟಾ ಆತು. ಎರಡ ಕಾಲಾಗ ನಿಂತಿದ್ದವು ಲಗೂನ ಹೊಂಟ್ವು, ಒಂದ ಕಾಲಿನವು ತಡಾ ಮಾಡಿದ್ವು. ವೈರಿ ಬಂದ್ರ ಫಟ್ ಅಂತ ಓಡಾಕ ಹಂಗ ನಿಂತಿರ್ತಾವ ಅನ್ನೋ ವಾದಾನೂ ಅಲ್ಲಿಗೇ ಕುಂತಬಿಡ್ತು. ಎಡಕ್ಕೋ ಬಲಕ್ಕೋ ಒಂದ ಕಾಲಿನ ಮ್ಯಾಲ ಹೆಚ್ಚು ಒಲವೂ ಕಾಣಲಿಲ್ಲ.

ಕಂಡಿದ್ದು ಏನಂದ್ರ, ಥಂಡಿ ಹೆಚ್ಚಾದಂಗ ಒಂಟಿಗಾಲಿನವು ಹೆಚ್ಚು, ಬಿಸಿ ಏರಿದಂಗ ಕಮ್ಮಿ, ಮತ್ತ ನೆಲದ ಮ್ಯಾಲ ನಿಂತದ್ದಕ್ಕಿಂತ ನೀರಾಗ ನಿಂತವು ಜಾಸ್ತಿ ಕಾಲು ಮಡಚ್ತಾವ. ಇದು ಮೈ ಕಾವಿನ ಮಾತು. ಈ ಹಕ್ಕಿಯ ಕಾಲು ಪುಕ್ಕ ಇಲ್ಲದ ಉದ್ದನ್ನ ಕಡ್ಡಿ, ನೀರು ಅದರ ಕಾವನ್ನ ಗಾಳಿಗಿಂತ ಎಷ್ಟೋ ಬೇಗ ಎಳ್ಕೊಂತೈತಿ. ಕಾಲಿಗೆ ಇಳಿಯೋ ಬಿಸಿ ರಕ್ತದ ನಾಳ, ಮ್ಯಾಲ ಬರೋ ತಣ್ಣನ ರಕ್ತದ ನಾಳ ಎರಡೂ ಅಂಟಿಕೊಂಡ ಹೋಗೋದ್ರಿಂದ ದಾರ್ಯಾಗ ಕಾವು ಕೈಬದಲಿ ಆಗಿ ಒಂದಿಷ್ಟು ಉಳಿತೈತಿ, ಆದ್ರೂ ಸೋರೋದು ಪೂರ್ತಿ ನಿಲ್ಲಂಗಿಲ್ಲ. ಒಂದು ಕಾಲನ್ನ ಹೊಟ್ಟಿ ಪುಕ್ಕದಾಗ ತುರುಕಿದ್ರ ಸೋರೋ ಕೊಡಕ್ಕ ಒಂದು ತೂತು ಮುಚ್ಚಿದಂಗ.

ಕೊಕ್ಕರಿಗಳೂ ಇದನ್ನ ಬ್ಯಾರೆ ದಿಕ್ಕಿನಿಂದ ತೋರಿಸ್ತಾವ. 1963ರಾಗ ಅಮೆರಿಕದ ವುಡ್ ಸ್ಟಾರ್ಕ್ ಅನ್ನೋ ಕೊಕ್ಕರಿ ಬಗ್ಗೆ ಫಿಲಿಪ್ ಕಾಲ್ ಅನ್ನೋರು (ಹೆಸರ ಹಂಗ ಐತ್ರಿ, ಜೋಕ್ ಅಲ್ಲ) ಬರದ್ರು: ಬಿಸಿಲು ಜೋರಾದಾಗ ಅದು ತನ್ನ ನೀರಿನಂಥ ಹಿಕ್ಕಿಯನ್ನ ತನ್ನ ಕಾಲ ಮ್ಯಾಲ ಸಿಡಿಸ್ಕೊಂತೈತಿ, ಅದು ಆರೋವಾಗ ಕಾಲು ತಣ್ಣಗಾಗಿ ಮೈಯೂ ತಂಪಾಗ್ತೈತಿ, ನಮ್ಮ ಮಣ್ಣಿನ ಹರವಿ ನೀರು ತಣ್ಣಗಾದಂಗ. ಘಟಪ್ರಭಾ ಪಕ್ಷಿಧಾಮಕ್ಕ, ಅಂದ್ರ ಧೂಪದಾಳ ಕಡೆ, ಬರೋ ಬಿಳಿ ಕೊಕ್ಕರಿಗೂ ಈ ಚಾಳಿ ಐತಿ. ಒಟ್ಟಿನ್ಯಾಗ ಕಾಲು ಅಂದ್ರ ಕಾವು ಬಿಡೋ ಕಿಟಕಿ, ಥಂಡ್ಯಾಗ ಒಂದನ್ನ ಮುಚ್ಚು, ಸೆಕ್ಯಾಗ ಎರಡೂ ತೆರೆದಿಟ್ಟು ಒದ್ದಿ ಮಾಡು.

ಇಷ್ಟಾದ್ರೂ ಯಾಕ ಅನ್ನೋದಕ್ಕ ಉತ್ತರ ಸಿಕ್ತು, ಹೆಂಗ ಅನ್ನೋದು ಹಂಗ ಉಳೀತು. ಎರಡರಿಂದ ನಾಕ ಕೆಜಿ ಮೈ, ಅದೂ ನಿದ್ದ್ಯಾಗ, ಕಡ್ಡಿಯಂಥ ಒಂದ ಕಾಲ ಮ್ಯಾಲ ಹೆಂಗ ನಿಂದರ್ತೈತಿ? ಜಾರ್ಜಿಯಾ ಟೆಕ್‌ನ ಯಂಗ್-ಹುಯಿ ಚಾಂಗ್, ಎಮೊರಿ ಯೂನಿವರ್ಸಿಟಿಯ ಲೀನಾ ಟಿಂಗ್ ಇದರ ಹಿಂದ ಬಿದ್ರು, 2017ರಾಗ ಪೇಪರ್ ಬಂತು. ಅಟ್ಲಾಂಟಾ ಝೂನ ಎಂಟು ಮರಿ ಫ್ಲೆಮಿಂಗೋಗಳನ್ನ ಪಾದದ ಒತ್ತಡ ಅಳಿಯೋ ತಟ್ಟಿ ಮ್ಯಾಲ ನಿಲ್ಲಿಸಿದ್ರು. ಎಚ್ಚರ ಇದ್ದು ಪುಕ್ಕ ಸವರ್ಕೊಳ್ಳೋವಾಗ ಮೈ ಹೆಚ್ಚು ತೂಗಾಡ್ತು, ನಿದ್ದಿಗೆ ಜಾರಿದಾಗ ಕಮ್ಮಿ ಆತು! ಸ್ನಾಯು ಹಿಡಿದು ನಿಲ್ಲಿಸ್ತಿದ್ರ ನಿದ್ದ್ಯಾಗ ತೂಗಾಟ ಹೆಚ್ಚಾಗಬೇಕಿತ್ತು.

ಆಮ್ಯಾಲ ಅವರು ಸತ್ತ ಎರಡು ಫ್ಲೆಮಿಂಗೋ ತರಿಸಿದ್ರು. ಕೆಳಗಿನ ಕಾಲು ಹಿಡಿದು ನೆಟ್ಟಗ ಎತ್ತಿ, ಬದುಕಿದ್ದು ನಿಲ್ಲೋ ಹಂಗ ಕಾಲು ಒಂಚೂರು ಒಳಗ ವಾಲಿಸಿ ಪಾದ ಮೈಯ ನಡುಮಧ್ಯೆ ಬರೋವಂಗ ಇಟ್ರು. ಹೆಣ ನಿಂತಬಿಡ್ತು. ಮುಂದ ಹಿಂದ ವಾಲಿಸಿದ್ರೂ ಬೀಳಲಿಲ್ಲ. ಅದೇ ಎರಡ ಕಾಲಿನ ಭಂಗಿಗೆ, ಅಂದ್ರ ಕಾಲು ಸೊಂಟದ ಕೆಳಗ ನೆಟ್ಟಗ ಬರೋವಂಗ ಇಟ್ಟರ ಆ ಭದ್ರ ಹೋಗಿ ಮೈ ಕುಸೀತು.

ಇದು ತಿಳೀಬೇಕಂದ್ರ ಒಂದು ಗೊಂದಲ ಬಿಡಿಸ್ಬೇಕು. ನಾವು ಮಣಕಾಲು ಹಿಂದಕ್ಕ ಮಡಚತೈತಿ ಅಂತೀವಲ್ಲ, ಅದು ಮಣಕಾಲ ಅಲ್ಲ, ಹಿಮ್ಮಡಿ ಕೀಲು. ಖರೇ ಮಣಕಾಲು ಮ್ಯಾಲ ಹೊಟ್ಟಿ ಹತ್ರ ಪುಕ್ಕದೊಳಗ ಇರ್ತೈತಿ, ತೊಡಿ ಹೆಚ್ಚುಕಮ್ಮಿ ಅಡ್ಡ ಇರ್ತೈತಿ. ಒಂದ ಕಾಲಾಗ ನಿಂತಾಗ ಮೈಭಾರಾನ ಸೊಂಟದ ಮತ್ತ ಮಣಕಾಲಿನ ಕೀಲನ್ನ ಇನ್ನು ಮುಂದ ಹೋಗದಷ್ಟು ತುದಿಗೆ ಒತ್ತಿ ಹಿಡಿತೈತಿ. ಬೈಕಿನ ಸೈಡ್ ಸ್ಟ್ಯಾಂಡ್ ನೋಡ್ರಿ, ಗಾಡಿ ವಾಲಿದಷ್ಟು ಹೊತ್ತು ಅದರ ಭಾರಾನ ಸ್ಟ್ಯಾಂಡ್ ಮಡಚದಂಗ ಕಾಯ್ತೈತಿ, ನೆಟ್ಟಗ ಎತ್ತಿದ್ರ ಸ್ಟ್ಯಾಂಡ್‌ಗೆ ಕೆಲಸ ಇಲ್ಲ. ಇಲ್ಲೂ ಎಲುಬಿಗೆ ಕೊಂಡಿ ಬಿದ್ದು ಲಾಕ್ ಆಗೋದಲ್ಲ, ಭಾರ ಇರೋ ತನಕ ಅಷ್ಟ. ಅದಕ್ಕ ಹಕ್ಕಿಗೆ ಒಂದ ಕಾಲು ಆರಾಮು, ಎರಡ ಕಾಲಿಗ ಸ್ನಾಯು ಬೇಕು.

ಹಂಗಂತ ಇದನ್ನ ಎಲ್ಲಾ ಹಕ್ಕಿಗೂ ಹಚ್ಚಬ್ಯಾಡ್ರಿ. ನಿಲ್ಲಿಸಿ ನೋಡಿದ್ದು ಎರಡ ಫ್ಲೆಮಿಂಗೋ ಹೆಣ, ಕೊಕ್ಕರಿ ಅಲ್ಲ. ಮತ್ತ ಥಂಡಿ ವಾದ, ಭಾರದ ವಾದ ಒಂದಕ್ಕೊಂದು ವೈರಿ ಅಲ್ಲ, ಕಾವೂ ಉಳೀಲಿ ಶಕ್ತಿಯೂ ಉಳೀಲಿ ಅಂತ ಎರಡೂ ಕೂಡಿ ನಡೀಬಹುದು.

ಅವತ್ತ ಹನ್ನೊಂದಕ್ಕ ಬಿಸಿಲು ಚುರುಕಾದ ಮ್ಯಾಲ ಮತ್ತ ಎಣಿಸಿದೆ. ಒಂಟಿಗಾಲಿನವು ಹತ್ತೂ ಇರಲಿಲ್ಲ. ನೋಡ್ರಿ ಕಾಕಾ, ಥಂಡಿ ಹೋತು ಕಾಲು ಬಿಟ್ವು ಅಂದೆ, ಖುಷಿಯಿಂದ. ಕಾಕಾ ಬಲಿ ಮಡಚಿ ಎದ್ದು, "ಅವು ಈಗ ಮೇಯಾಕ ಹತ್ಯಾವಲ್ಲೋ, ಒಂದ ಕಾಲಾಗ ಕುಂಟ್ಕೊಂತ ಮೇಯ್ತಾವೇನು?" ಅಂದ್ರು. ಮಾತು ಖರೇನ. ನಿಂತು ರೆಸ್ಟ್ ಮಾಡೋವನ್ನ ಮಾತ್ರ ಎಣಿಸ್ಬೇಕಿತ್ತು, ನಾ ಮೇಯೋವನ್ನೂ ಕೂಡಿಸಿದ್ದೆ. ಪುಸ್ತಕದಾಗಿನ ಆ ಸಾಲು ಹೊಡದು ಹಾಕಿದೆ.